ಕಾರ್ಡು ಕಳೆದ ಮೇಲಿನ ಮೂರು ದಿನ

ಪರ್ಸ್ ಕಾಣೆಯಾದರೆ ನಾವೆಲ್ಲ ಮೊದಲು ಮಾಡುವುದು ಹುಡುಕಾಟ. ಬ್ಯಾಗಿನ ಒಳಜೇಬು, ಸ್ಕೂಟರಿನ ಡಿಕ್ಕಿ, ಮಧ್ಯಾಹ್ನ ಊಟ ಮಾಡಿದ ಹೋಟೆಲು ಎಲ್ಲ ಮುಗಿದ ಮೇಲೆ ಮನೆಯವರಿಗೆ ಫೋನು, ‘ಮಂಚದ ಮೇಲೆ ಬಿಟ್ಟಿದ್ದೀನಾ ನೋಡಿ’ ಅಂತ. ಅಲ್ಲೂ ಇಲ್ಲ ಎಂದಾದ ಮೇಲೆ ಬ್ಯಾಂಕಿನ ನೆನಪಾಗುತ್ತದೆ. ಅಷ್ಟು ಹೊತ್ತಿಗೆ ಎರಡು ಗಂಟೆ ಕಳೆದಿರುತ್ತದೆ. ಆಗ ಇನ್ನೊಂದು ಸತ್ಯ ಹೊಳೆಯುತ್ತದೆ: ಬ್ಯಾಂಕಿನ ಸಹಾಯವಾಣಿಯ ನಂಬರು ಅಚ್ಚಾಗಿರುವುದು ಕಳೆದುಹೋದ ಕಾರ್ಡಿನ ಹಿಂಬದಿಯಲ್ಲೇ.

ಆ ಎರಡು ಗಂಟೆಯಲ್ಲಿ ಕಳ್ಳನಿಗೆ ಏನು ಸಾಧ್ಯ? ಪಿನ್ ಗೊತ್ತಿಲ್ಲದೆ ಎಟಿಎಂನಿಂದ ನಗದು ತೆಗೆಯಲಾಗದು. ನಮ್ಮ ದೇಶದ ವೆಬ್‌ಸೈಟುಗಳಲ್ಲಿ ಕೊಳ್ಳಲು ಒಟಿಪಿ ಬೇಕು, ಅದು ಬರುವುದು ನಿಮ್ಮ ಫೋನಿಗೆ. ಹಾಗಾಗಿ ಅವನಿಗೆ ಉಳಿಯುವ ದಾರಿಗಳು ಮುಖ್ಯವಾಗಿ ಎರಡು. ಒಂದು, ಒಟಿಪಿ ಕೇಳದ ವಿದೇಶಿ ವೆಬ್‌ಸೈಟುಗಳು. ಅಲ್ಲಿ ಕಾರ್ಡಿನ ನಂಬರು, ಮುಗಿಯುವ ತಿಂಗಳು, ಹಿಂಬದಿಯ ಮೂರಂಕಿಯ ಸಿವಿವಿ ಇದ್ದರೆ ಸಾಕಾಗಬಹುದು. ಇನ್ನೊಂದು, ಅದಕ್ಕಿಂತ ಸುಲಭವಾದದ್ದು, ಟ್ಯಾಪ್. ಕಾರ್ಡಿನ ಮೇಲೆ ವೈ-ಫೈ ಚಿಹ್ನೆಯನ್ನು ಮಗ್ಗುಲಾಗಿಸಿದಂಥ ನಾಲ್ಕು ಗೆರೆಗಳಿದ್ದರೆ, ಯಂತ್ರಕ್ಕೆ ತಾಗಿಸಿದ ಕ್ಷಣ ಹಣ ಸಂದಾಯವಾಗುತ್ತದೆ. 2021ರ ಜನವರಿ 1ರಿಂದ ರಿಸರ್ವ್ ಬ್ಯಾಂಕು ಹೀಗೆ ಪಿನ್ ಇಲ್ಲದೆ ಕೊಡಬಹುದಾದ ಮೊತ್ತದ ಮಿತಿಯನ್ನು ಒಂದು ಸಲಕ್ಕೆ 2,000 ರೂಪಾಯಿಯಿಂದ 5,000ಕ್ಕೆ ಏರಿಸಿತು. ಈ ಐದು ಸಾವಿರದ ಅಂಕಿಯನ್ನು ನೆನಪಿನಲ್ಲಿಡಿ. ಮುಂದೆ ಹೊಣೆಯ ಲೆಕ್ಕ ಬಂದಾಗ ಅದು ಒಂದು ವಿಚಿತ್ರ ಆಟ ಆಡುತ್ತದೆ.

ಕಳ್ಳತನವಾದ ಕ್ರೆಡಿಟ್ ಕಾರ್ಡಿನ ನಷ್ಟವನ್ನು ಯಾರು ಹೊರಬೇಕು ಎಂಬುದನ್ನು ಬ್ಯಾಂಕಿನ ಮ್ಯಾನೇಜರರ ಕರುಣೆಗೆ ಬಿಟ್ಟಿಲ್ಲ. 2017ರ ಜುಲೈ 6ರಂದು ರಿಸರ್ವ್ ಬ್ಯಾಂಕು ಹೊರಡಿಸಿದ ಸುತ್ತೋಲೆ ಅದನ್ನು ದಿನ ಎಣಿಸಿ ನಿಗದಿ ಮಾಡಿತು. ಅದರ ತಿರುಳು ಹೀಗಿದೆ. ತಪ್ಪು ಬ್ಯಾಂಕಿನದಾದರೆ ಗ್ರಾಹಕ ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ, ದೂರು ಕೊಟ್ಟರೂ ಸರಿ, ಕೊಡದಿದ್ದರೂ ಸರಿ. ತಪ್ಪು ಗ್ರಾಹಕನದಾದರೆ, ಅಂದರೆ ಪಿನ್ನೋ ಒಟಿಪಿಯೋ ಬೇರೆಯವರಿಗೆ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಅವನದೇ; ತಿಳಿಸಿದ ಮೇಲಿನದು ಬ್ಯಾಂಕಿನದು. ತಪ್ಪು ಇಬ್ಬರದೂ ಅಲ್ಲದೆ ಮೂರನೆಯವರ ಕೈಚಳಕವಾಗಿದ್ದರೆ ಲೆಕ್ಕ ದಿನಗಳ ಮೇಲೆ ನಿಲ್ಲುತ್ತದೆ. ಬ್ಯಾಂಕಿನಿಂದ ವಹಿವಾಟಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಹೊಣೆ ಸೊನ್ನೆ. ನಾಲ್ಕರಿಂದ ಏಳನೆಯ ದಿನದೊಳಗೆ ತಿಳಿಸಿದರೆ ಒಂದು ಮಿತಿಯವರೆಗೆ ಗ್ರಾಹಕ ಕೊಡಬೇಕು. ಏಳು ದಿನ ದಾಟಿದರೆ ಆಯಾ ಬ್ಯಾಂಕಿನ ಆಡಳಿತ ಮಂಡಳಿ ಒಪ್ಪಿದ ನೀತಿಯಂತೆ. ಆ ನೀತಿಯನ್ನು ಬ್ಯಾಂಕಿನ ವೆಬ್‌ಸೈಟಿನಲ್ಲಿ ಹುಡುಕಿ ಓದಬಹುದು, ಓದಿದರೆ ಒಳ್ಳೆಯದು.

ಇದನ್ನು ಒಂದು ಕಲ್ಪಿತ ಪ್ರಕರಣದಲ್ಲಿ ಹರಡಿ ನೋಡೋಣ. ಶಾರದಾ ಎಂಬ ಶಿಕ್ಷಕಿ, ಬೆಂಗಳೂರು. ಕಾರ್ಡಿನ ಮಿತಿ ಒಂದೂವರೆ ಲಕ್ಷ. ಶನಿವಾರ ಸಂಜೆ 6.20ಕ್ಕೆ ಮೆಜೆಸ್ಟಿಕ್‌ನಲ್ಲಿ ನೂಕುನುಗ್ಗಲಿನ ನಡುವೆ ಬಸ್ ಹತ್ತಿದರು, ಆಗಲೇ ಕೈಚೀಲದಿಂದ ಪರ್ಸ್ ಹೋಯಿತು. ಫೋನು ಬೇರೆ ಜೇಬಿನಲ್ಲಿದ್ದುದರಿಂದ ಉಳಿಯಿತು, ಆದರೆ ಅದು ಸೈಲೆಂಟ್‌ನಲ್ಲಿತ್ತು. 6.52ಕ್ಕೆ ಮೊಬೈಲ್ ಅಂಗಡಿಯೊಂದರಲ್ಲಿ 4,850 ರೂಪಾಯಿ. 7.05ಕ್ಕೆ ಬಟ್ಟೆ ಅಂಗಡಿಯಲ್ಲಿ 4,920. 7.31ಕ್ಕೆ ಇನ್ನೊಂದು ಅಂಗಡಿಯಲ್ಲಿ 4,700. ಮೂರೂ ಐದು ಸಾವಿರದ ಕೆಳಗೆ, ಮೂರೂ ಟ್ಯಾಪ್. ಒಟ್ಟು 14,470. ಶಾರದಾ ಬಸ್ಸಿಳಿದು ಫೋನು ನೋಡಿದ್ದು 7.40ಕ್ಕೆ.

ಈಗ ಅವರು ಮಾಡಬೇಕಾದದ್ದು ಎರಡು ಕೆಲಸ. ಇವೆರಡನ್ನೂ ಜನ ಒಂದೇ ಎಂದುಕೊಳ್ಳುತ್ತಾರೆ, ತೊಂದರೆ ಬಹುಪಾಲು ಶುರುವಾಗುವುದು ಅಲ್ಲೇ.

ಮೊದಲನೆಯದು ಬ್ಲಾಕ್ ಮಾಡುವುದು. ಬ್ಯಾಂಕಿನವರ ಬಾಯಲ್ಲಿ ಇದು ಹಾಟ್‌ಲಿಸ್ಟ್. ಕಾರ್ಡಿನ ನಂಬರು ಆ ಪಟ್ಟಿಗೆ ಸೇರಿದ ಮೇಲೆ ಯಾವ ಅಂಗಡಿಯ ಯಂತ್ರ ಒಪ್ಪಿಗೆ ಕೇಳಿದರೂ ಬ್ಯಾಂಕಿನ ಕಂಪ್ಯೂಟರು ಇಲ್ಲ ಎನ್ನುತ್ತದೆ. ತುರ್ತಿನಲ್ಲಿ ಎಲ್ಲಕ್ಕಿಂತ ಬೇಗ ಆಗುವುದು ಬ್ಯಾಂಕಿನ ಆ್ಯಪ್‌ನಲ್ಲಿ. ಕಾರ್ಡ್ ವಿಭಾಗಕ್ಕೆ ಹೋದರೆ ಎರಡು ಮೂರು ಒತ್ತುಗಳ ಕೆಲಸ. ವಹಿವಾಟಿನ ಎಸ್‌ಎಂಎಸ್‌ನ ತುದಿಯಲ್ಲೇ ಬಹಳಷ್ಟು ಬ್ಯಾಂಕುಗಳು ‘ಇದು ನೀವಲ್ಲವೇ?’ ಎಂದು ಕೇಳಿ, BLOCK ಎಂದು ಬರೆದು ಕಾರ್ಡಿನ ಕೊನೆಯ ನಾಲ್ಕಂಕಿ ಸೇರಿಸಿ ಒಂದು ನಂಬರಿಗೆ ಕಳಿಸಲು ಹೇಳಿರುತ್ತವೆ. ಸಹಾಯವಾಣಿ, ವೆಬ್‌ಸೈಟು, ನೆಟ್‌ಬ್ಯಾಂಕಿಂಗ್ ಕೂಡ ಇವೆ. ಇಷ್ಟೆಲ್ಲ ದಾರಿಗಳನ್ನು ಹಗಲೂ ರಾತ್ರಿ ತೆರೆದಿಡಬೇಕೆಂದು ರಿಸರ್ವ್ ಬ್ಯಾಂಕೇ ಕಡ್ಡಾಯ ಮಾಡಿದೆ.

ಗೂಗಲ್‌ನಲ್ಲಿ ‘ಬ್ಯಾಂಕ್ ಕಸ್ಟಮರ್ ಕೇರ್’ ಎಂದು ಹುಡುಕುವುದು ಮಾತ್ರ ಬೇಡ. ಅಲ್ಲಿ ವಂಚಕರು ಹಾಕಿದ ನಂಬರುಗಳೂ ಸಿಗುತ್ತವೆ. ಗಾಬರಿಯಲ್ಲಿ ಕರೆ ಮಾಡಿದವರು ಪರ್ಸ್ ಕದ್ದವನಿಗಿಂತ ದೊಡ್ಡ ಕಳ್ಳನ ಕೈಗೆ ಸಿಕ್ಕ ಉದಾಹರಣೆಗಳಿವೆ. ಸರಿಯಾದ ನಂಬರನ್ನು ಇವತ್ತೇ ಕಾರ್ಡಿನ ಹಿಂಬದಿ ನೋಡಿ ಫೋನಿನಲ್ಲಿ ಉಳಿಸಿಕೊಳ್ಳಿ, ಮನೆಯ ಇನ್ನೊಬ್ಬರ ಫೋನಿನಲ್ಲೂ ಇರಲಿ. ಫೋನೂ ಕಾರ್ಡೂ ಒಟ್ಟಿಗೆ ಹೋದರೆ ಆ ಇನ್ನೊಬ್ಬರ ಫೋನೇ ಗತಿ. ಹಾಗಾದಾಗ ಕಾರ್ಡಿನ ಜೊತೆಗೆ ಸಿಮ್ ಕೂಡ ತಕ್ಷಣ ಬ್ಲಾಕ್ ಆಗಬೇಕು. ಯಾಕೆಂದರೆ ಒಟಿಪಿ ಹೋಗುವುದು ಆ ಸಿಮ್ಮಿಗೆ. ಎಷ್ಟೋ ಫೋನುಗಳು ಲಾಕ್ ತೆಗೆಯದೆಯೇ ಸಂದೇಶವನ್ನು ಪರದೆಯ ಮೇಲೆ ತೋರಿಸುತ್ತವೆ.

ಆ್ಯಪ್‌ಗಳಲ್ಲಿ ‘ತಾತ್ಕಾಲಿಕ ಲಾಕ್’ ಎಂಬ ಗುಂಡಿಯೂ ಇರುತ್ತದೆ. ಕಾರ್ಡು ಆಫೀಸಿನ ಮೇಜಿನಲ್ಲಿ ಉಳಿದಿರಬಹುದು ಎಂಬ ಗುಮಾನಿಗೆ ಅದು ಒಳ್ಳೆಯದೇ; ಹುಡುಕಾಟಕ್ಕೆ ಸಮಯ ಸಿಗುತ್ತದೆ, ಸಿಕ್ಕಿದರೆ ಮತ್ತೆ ತೆರೆಯಬಹುದು. ಆದರೆ ನಿಮ್ಮದಲ್ಲದ ಒಂದು ವಹಿವಾಟಿನ ಎಸ್‌ಎಂಎಸ್ ಬಂದ ಮೇಲೆ ಅನುಮಾನಕ್ಕೆ ಜಾಗವಿಲ್ಲ. ಲಾಕ್ ಎನ್ನುವುದು ನಿಮ್ಮ ಕಡೆಯ ಸ್ವಿಚ್ಚು ಅಷ್ಟೇ. ಅದನ್ನು ಒತ್ತಿದ್ದರಿಂದ ಕಳ್ಳತನವನ್ನು ಬ್ಯಾಂಕಿಗೆ ತಿಳಿಸಿದಂತಾಗದು. ಪೂರ್ತಿ ಬ್ಲಾಕ್ ಮಾಡಿ.

ಬ್ಲಾಕ್ ಮಾಡಲು ಮೊದಲು ಪೊಲೀಸ್ ದೂರು ತನ್ನಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. 2022ರಲ್ಲಿ ಬಂದ ರಿಸರ್ವ್ ಬ್ಯಾಂಕಿನ ಕಾರ್ಡ್ ನಿರ್ದೇಶನಗಳು ಇದನ್ನು ಸ್ಪಷ್ಟವಾಗಿ ಹೇಳುತ್ತವೆ: ಗ್ರಾಹಕ ತಿಳಿಸಿದ ಕೂಡಲೇ ಕಾರ್ಡನ್ನು ಬ್ಲಾಕ್ ಮಾಡಬೇಕು, ಕಾಗದಪತ್ರದ ವಿಧಿಗಳು ಆಮೇಲೆ ಸಾವಕಾಶವಾಗಿ ಆಗಬಹುದು. ಬ್ಲಾಕ್ ಆಯಿತೆಂದು ಬ್ಯಾಂಕು ಕೂಡಲೇ ಖಚಿತಪಡಿಸಲೂ ಬೇಕು. ಆ ಸಂದೇಶವನ್ನು ಅಳಿಸಬೇಡಿ. ಅದರ ಮೇಲಿನ ಸಮಯವೇ ಮುಂದೆ ನಿಮ್ಮ ಸಾಕ್ಷಿ.

ಶಾರದಾ 7.48ಕ್ಕೆ ಆ್ಯಪ್‌ನಲ್ಲಿ ಬ್ಲಾಕ್ ಮಾಡಿದರು. 8.15ಕ್ಕೆ ಮತ್ತೊಂದು ಎಸ್‌ಎಂಎಸ್ ಬಂತು: 4,990 ರೂಪಾಯಿಯ ವಹಿವಾಟು ತಿರಸ್ಕೃತ. ಕಳ್ಳ ನಾಲ್ಕನೆಯ ಅಂಗಡಿಯಲ್ಲಿ ಬರಿಗೈಯಲ್ಲಿ ಹೊರಬಿದ್ದ. ಅಕಸ್ಮಾತ್ ಬ್ಯಾಂಕಿನ ಲೋಪದಿಂದ ಅದು ಸಂದಾಯವಾಗಿದ್ದರೂ ತಿಳಿಸಿದ ಮೇಲಿನದಾದ್ದರಿಂದ ನಷ್ಟ ಬ್ಯಾಂಕಿನದೇ ಆಗುತ್ತಿತ್ತು.

ಇಲ್ಲಿಗೆ ಎಷ್ಟೋ ಜನ ನಿಟ್ಟುಸಿರು ಬಿಟ್ಟು ಸುಮ್ಮನಾಗುತ್ತಾರೆ. ಬ್ಲಾಕ್ ಮುಂದಿನದನ್ನು ತಡೆಯಿತು ನಿಜ. ಆಗಲೇ ಹೋದ 14,470 ಅದರಿಂದ ವಾಪಸು ಬರುವುದಿಲ್ಲ. ಅದಕ್ಕೆ ಬೇಕಾದದ್ದು ಎರಡನೆಯ ಕೆಲಸ: ಈ ಮೂರು ವಹಿವಾಟು ನನ್ನದಲ್ಲ ಎಂದು ಒಂದೊಂದನ್ನೂ ಹೆಸರಿಸಿ ದೂರು ದಾಖಲಿಸುವುದು. ಸಹಾಯವಾಣಿಯಲ್ಲಿ ಮಾತು ಹೆಚ್ಚು ಕಡಿಮೆ ಹೀಗೆ ಸಾಗುತ್ತದೆ.

‘ಕಾರ್ಡ್ ಬ್ಲಾಕ್ ಆಗಿದೆ ಮೇಡಂ. ಹೊಸ ಕಾರ್ಡ್ ವಿಳಾಸಕ್ಕೆ ಬರುತ್ತೆ. ಇನ್ನೇನಾದ್ರೂ ಸಹಾಯ ಬೇಕಿತ್ತಾ?’

‘ಬೇಕು. ಇವತ್ತು ಸಂಜೆ ಮೂರು ವಹಿವಾಟು ಆಗಿದೆ, ಮೂರೂ ನಾನು ಮಾಡಿದ್ದಲ್ಲ. ವಂಚನೆ ಅಂತ ದೂರು ಬರ್ಕೊಳ್ಳಿ, ದೂರಿನ ನಂಬರ್ ಕೊಡಿ.’

ಈ ಎರಡನೆಯ ಮಾತು ಆಡದೆ ಫೋನಿಟ್ಟರೆ ಬ್ಯಾಂಕಿನ ದಾಖಲೆಯಲ್ಲಿ ಉಳಿಯುವುದು ‘ಕಳೆದ ಕಾರ್ಡು, ಬ್ಲಾಕ್ ಮಾಡಲಾಗಿದೆ’ ಎಂಬ ಒಂದು ಸಾಲು ಮಾತ್ರ. ದೂರಿಗೆ ನಂಬರು ಕೊಡುವುದು ಬ್ಯಾಂಕಿನ ಕರ್ತವ್ಯ. ಫೋನಿನಲ್ಲಿ ಹೇಳಿದ್ದನ್ನೇ ಅವತ್ತೇ ರಾತ್ರಿ ಇಮೇಲ್‌ನಲ್ಲೂ ಬರೆದು ಹಾಕುವುದು ಒಳ್ಳೆಯದು: ಯಾವ ಸಮಯ, ಯಾವ ಅಂಗಡಿ, ಎಷ್ಟು ಮೊತ್ತ, ಪರ್ಸ್ ಎಲ್ಲಿ ಹೋಯಿತು, ಬ್ಲಾಕ್ ಮಾಡಿದ್ದು ಎಷ್ಟು ಹೊತ್ತಿಗೆ, ದೂರಿನ ನಂಬರೇನು. ಬ್ಯಾಂಕು ಆಮೇಲೆ ಒಂದು ಫಾರಂ ಕಳಿಸಿ ಸಹಿ ಕೇಳಬಹುದು, ಪೊಲೀಸ್ ದೂರಿನ ಪ್ರತಿ ಕೇಳಬಹುದು. ವಂಚನೆಯ ಹಣ ಹೋದ ಮೇಲೆ 1930ಕ್ಕೆ ಕರೆ ಮಾಡಿ ಅಥವಾ cybercrime.gov.in ನಲ್ಲಿ ದಾಖಲಿಸಿದರೆ ಅದರದೂ ಒಂದು ನಂಬರು ಸಿಗುತ್ತದೆ. ಟ್ಯಾಪ್ ನಡೆದ ಅಂಗಡಿಯ ಹೆಸರು, ಸಮಯ ಎಸ್‌ಎಂಎಸ್‌ನಲ್ಲೇ ಇರುವುದರಿಂದ ಠಾಣೆಯಲ್ಲಿ ದೂರು ಕೊಡುವಾಗ ಅದನ್ನೂ ಬರೆಸಿ. ಅಂಗಡಿಗಳ ಸಿಸಿಟಿವಿ ದೃಶ್ಯ ಬಹಳ ದಿನ ಉಳಿಯುವುದಿಲ್ಲ.

ಈಗ ದಿನಗಳ ಎಣಿಕೆ. ಸಂದೇಶ ಬಂದ ದಿನವನ್ನು ಬಿಟ್ಟು ಎಣಿಸಬೇಕು, ಅದೂ ಬ್ಯಾಂಕಿನ ಕೆಲಸದ ದಿನಗಳನ್ನು ಮಾತ್ರ. ಶಾರದಾ ಅವರ ಲೆಕ್ಕದಲ್ಲಿ ಶನಿವಾರ ಇಲ್ಲ, ಭಾನುವಾರ ಇಲ್ಲ. ಸೋಮವಾರ ಒಂದು. ಮಂಗಳವಾರ ಹಬ್ಬದ ರಜೆ ಎಂದುಕೊಂಡರೆ ಅದೂ ಇಲ್ಲ. ಬುಧವಾರ ಎರಡು, ಗುರುವಾರ ಮೂರು. ಅಂದರೆ ಗುರುವಾರ ತಿಳಿಸಿದರೂ ಹೊಣೆ ಸೊನ್ನೆ. ಗಡಿಯಾರ ಓಡತೊಡಗುವುದು ಬ್ಯಾಂಕಿನ ಸಂದೇಶ ನಿಮಗೆ ತಲುಪಿದಾಗಿನಿಂದ, ತಿಂಗಳ ಬಿಲ್ಲು ನೀವು ತೆರೆದು ನೋಡಿದಾಗಿನಿಂದ ಅಲ್ಲ. ಹಳೆಯ ಮೊಬೈಲ್ ನಂಬರನ್ನು ಬ್ಯಾಂಕಿನಲ್ಲಿ ಬದಲಾಯಿಸದೆ ಬಿಟ್ಟವರು ಇಲ್ಲೇ ಸೋಲುತ್ತಾರೆ.

ಗುರುವಾರ ಮೀರಿತು, ಶಾರದಾ ತಿಳಿಸಿದ್ದು ಐದನೆಯ ಕೆಲಸದ ದಿನ ಎಂದುಕೊಳ್ಳಿ. ಸುತ್ತೋಲೆಯ ಕೋಷ್ಟಕದ ಪ್ರಕಾರ ಐದು ಲಕ್ಷದವರೆಗೆ ಮಿತಿ ಇರುವ ಕ್ರೆಡಿಟ್ ಕಾರ್ಡಿಗೆ ಗ್ರಾಹಕನ ಗರಿಷ್ಠ ಹೊಣೆ 10,000 ರೂಪಾಯಿ, ಅದಕ್ಕಿಂತ ಹೆಚ್ಚಿನ ಮಿತಿಯ ಕಾರ್ಡಿಗೆ 25,000. ಇದನ್ನು ಓದಿದವರು ‘ಹತ್ತು ಸಾವಿರ ಹೋಗುತ್ತೆ, ಮಿಕ್ಕಿದ್ದು ಬ್ಯಾಂಕಿನದು’ ಎಂದುಕೊಳ್ಳುತ್ತಾರೆ. ಹಾಗಿಲ್ಲ. ಆ ಮಿತಿ ಒಂದೊಂದು ವಹಿವಾಟಿಗೂ ಬೇರೆ ಬೇರೆ. ವಹಿವಾಟಿನ ಮೊತ್ತ, ಕೋಷ್ಟಕದ ಮೊತ್ತ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು ಗ್ರಾಹಕನ ಪಾಲು. ಯಾರಾದರೂ ಒಂದೇ ಸಲ 60,000 ರೂಪಾಯಿಯ ಸರಕು ಎತ್ತಿದ್ದರೆ ಶಾರದಾ ಕೊಡಬೇಕಾದದ್ದು 10,000, ಐವತ್ತು ಸಾವಿರ ಬ್ಯಾಂಕಿನ ತಲೆಗೆ. ಆದರೆ ಅವರಿಗೆ ಆದದ್ದು 4,850, 4,920, 4,700. ಮೂರೂ ಹತ್ತು ಸಾವಿರದೊಳಗೇ ಇರುವುದರಿಂದ ಮೂರನ್ನೂ ಪೂರ್ತಿ ಅವರೇ ಕೊಡಬೇಕು. ಮಿತಿ ಎಂಬ ರಕ್ಷಣೆಯಿಂದ ಒಂದು ಪೈಸೆಯೂ ಉಳಿಯಲಿಲ್ಲ.

ಪಿನ್ ಇಲ್ಲದ ಟ್ಯಾಪ್ ಯಾವತ್ತೂ ಐದು ಸಾವಿರ ದಾಟುವುದಿಲ್ಲ. ಕ್ರೆಡಿಟ್ ಕಾರ್ಡುಗಳಿಗೆ ಕೋಷ್ಟಕದ ಮಿತಿ ಹತ್ತು ಸಾವಿರದಿಂದ ಶುರುವಾಗುತ್ತದೆ. ಹೀಗಾಗಿ ಕದ್ದ ಕಾರ್ಡನ್ನು ಟ್ಯಾಪ್ ಮಾಡುತ್ತ ಹೋದ ಕಳ್ಳನ ವಿಷಯದಲ್ಲಿ ‘ಸೀಮಿತ ಹೊಣೆ’ ಎಂಬ ನಡುವಿನ ಮೆಟ್ಟಿಲು ಹೆಸರಿಗೆ ಮಾತ್ರ. ಮೂರು ದಿನದೊಳಗೆ ತಿಳಿಸಿದರೆ ಸೊನ್ನೆ, ತಪ್ಪಿದರೆ ಅಷ್ಟೂ. ಸುತ್ತೋಲೆ ಬರೆದವರು ಸಣ್ಣ ಮೊತ್ತದ ಸಾಲು ಸಾಲು ವಂಚನೆಯನ್ನು ಅಷ್ಟಾಗಿ ಯೋಚಿಸಿರಲಿಲ್ಲವೇನೋ ಎಂದು ನನಗನ್ನಿಸುತ್ತದೆ.

ಇನ್ನು ಬ್ಯಾಂಕಿನ ವಾದ. ಅದು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಬರುತ್ತದೆ. ‘ಅಸಲಿ ಕಾರ್ಡಿನಿಂದಲೇ ವಹಿವಾಟು ಆಗಿದೆ, ಆದ್ದರಿಂದ ಇದು ನೀವೇ ಮಾಡಿದ್ದು’ ಎಂಬುದು ಒಂದು. ‘ಕಾರ್ಡನ್ನು ಜೋಪಾನ ಮಾಡದೇ ಇದ್ದದ್ದು ನಿಮ್ಮ ನಿರ್ಲಕ್ಷ್ಯ’ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸುಲಭ: ಕದ್ದದ್ದು ಅಸಲಿ ಕಾರ್ಡನ್ನೇ, ಟ್ಯಾಪ್‌ಗೆ ಪಿನ್ ಬೇಕಿಲ್ಲ, ಬ್ಲಾಕ್ ಆದ ಮೇಲೂ ಯಾರೋ ಅದನ್ನು ಬಳಸಲು ನೋಡಿದ್ದು ಬ್ಯಾಂಕಿನ ದಾಖಲೆಯಲ್ಲೇ ಇದೆ. ಎರಡನೆಯದಕ್ಕೆ ಸುತ್ತೋಲೆಯ ಮಾತನ್ನೇ ಮುಂದಿಡಬೇಕು. ಗ್ರಾಹಕನ ನಿರ್ಲಕ್ಷ್ಯಕ್ಕೆ ಅದು ಕೊಡುವ ಉದಾಹರಣೆ ಪಾವತಿಯ ಗುಟ್ಟುಗಳನ್ನು ಹಂಚಿಕೊಳ್ಳುವುದು. ಬಸ್ಸಿನಲ್ಲಿ ಜೇಬುಗಳ್ಳನ ಕೈಗೆ ಸಿಕ್ಕಿದ್ದನ್ನು ಅದಕ್ಕೆ ಸಮ ಮಾಡುವುದು ನ್ಯಾಯವಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅನಧಿಕೃತ ವಹಿವಾಟಿನಲ್ಲಿ ಗ್ರಾಹಕನ ಹೊಣೆಯನ್ನು ರುಜುವಾತು ಮಾಡುವ ಭಾರ ಬ್ಯಾಂಕಿನದು ಎಂದು ಸುತ್ತೋಲೆ ಹೇಳುತ್ತದೆ. ನಾನು ಮಾಡಿಲ್ಲ ಎಂದು ನೀವು ಸಾಬೀತು ಮಾಡಬೇಕಿಲ್ಲ, ಮಾಡಿದ್ದು ನೀವೇ ಎಂದು ಅವರು ತೋರಿಸಬೇಕು.

ಆದರೆ ಪಿನ್ ಬರೆದ ಚೀಟಿ ಅದೇ ಪರ್ಸಿನಲ್ಲಿದ್ದರೆ? ಆಗ ಈ ವಾದವೆಲ್ಲ ಕುಸಿಯುತ್ತದೆ. ಪಿನ್ ಒತ್ತಿ ನಡೆದ ವಹಿವಾಟನ್ನು ಬ್ಯಾಂಕು ನಿಮ್ಮ ನಿರ್ಲಕ್ಷ್ಯದ ಲೆಕ್ಕಕ್ಕೆ ಹಾಕುತ್ತದೆ, ತಿಳಿಸುವ ಕ್ಷಣದವರೆಗಿನದು ಪೂರ್ತಿ ನಿಮ್ಮದು, ಮೂರು ದಿನದ ರಿಯಾಯಿತಿ ಅಲ್ಲಿ ಅನ್ವಯಿಸದು. ಪರ್ಸ್ ಹೋದ ಮರುದಿನ ಬರುವ ಕರೆಯಲ್ಲೂ ಇದೇ ಅಪಾಯ. ನಿಮ್ಮ ಹೆಸರು, ಬ್ಯಾಂಕು ಯಾವುದು ಎಂಬುದೆಲ್ಲ ಕಳ್ಳನಿಗೆ ಗೊತ್ತು. ‘ನಿಮ್ಮ ಕಾರ್ಡ್ ಕಳೆದಿದೆ ಅಂತ ದೂರು ಬಂದಿದೆ, ಹಣ ವಾಪಸ್ ಹಾಕೋಕೆ ಒಂದು ಒಟಿಪಿ ಬರುತ್ತೆ, ಹೇಳಿ’ ಎಂದು ನಯವಾಗಿ ಕೇಳಿದರೆ ನಂಬಿಬಿಡುವ ಸ್ಥಿತಿ ಅದು. ಹಣ ವಾಪಸು ಮಾಡಲು ಬ್ಯಾಂಕಿಗೆ ನಿಮ್ಮ ಒಟಿಪಿ ಬೇಕಿಲ್ಲ. ಒಂದು ಸಲ ಹೇಳಿದಿರೋ, ಸೊನ್ನೆ ಹೊಣೆಯ ಪ್ರಕರಣ ಪೂರ್ತಿ ಹೊಣೆಯ ಪ್ರಕರಣವಾಗುತ್ತದೆ.

ದೂರು ಸೇರಿದ ಮೇಲೆ ಹತ್ತು ಕೆಲಸದ ದಿನಗಳೊಳಗೆ ಬ್ಯಾಂಕು ವಿವಾದದ ಮೊತ್ತವನ್ನು ಕಾರ್ಡಿನ ಖಾತೆಗೆ ತಾತ್ಕಾಲಿಕವಾಗಿ ಜಮಾ ಮಾಡಬೇಕು. ವಿಮೆಯಿಂದ ಹಣ ಬರಲಿ ಎಂದು ಕಾಯುವಂತಿಲ್ಲ, ಜಮಾ ವಹಿವಾಟು ನಡೆದ ದಿನದಿಂದಲೇ ಲೆಕ್ಕಕ್ಕೆ ಬರಬೇಕು. ಶಾರದಾ ಅವರ ಖಾತೆಯಲ್ಲಿ 14,470 ಕಾಣಿಸಿಕೊಳ್ಳುತ್ತದೆ, ಆದರೆ ಅದು ಇನ್ನೂ ಅಂತಿಮವಲ್ಲ. ಬ್ಯಾಂಕು ತೊಂಬತ್ತು ದಿನಗಳೊಳಗೆ ತೀರ್ಮಾನಿಸಬೇಕು. ತೀರ್ಮಾನ ವಿರುದ್ಧ ಬಂದರೆ ಆ ಹಣ ಮತ್ತೆ ಬಿಲ್ಲಿಗೆ ಏರುತ್ತದೆ. ತೊಂಬತ್ತು ದಿನದಲ್ಲಿ ಹೊಣೆ ಯಾರದೆಂದು ಹೇಳಲಾಗದಿದ್ದರೆ ನಿಯಮದ ಪ್ರಕಾರದ ಪರಿಹಾರವನ್ನು ಗ್ರಾಹಕನಿಗೆ ಕೊಡಲೇಬೇಕು.

ನಡುವೆ ಬಿಲ್ಲು ಬರುತ್ತದೆ. ಕೋಪದಲ್ಲಿ ಇಡೀ ಬಿಲ್ಲನ್ನೇ ಕಟ್ಟದೆ ಬಿಡುವವರಿದ್ದಾರೆ, ಅದು ತಮಗೆ ತಾವೇ ಮಾಡಿಕೊಳ್ಳುವ ನಷ್ಟ. ಶಾರದಾ ಆ ತಿಂಗಳು ತಾವೇ ಖರ್ಚು ಮಾಡಿದ್ದು 9,200 ಇದ್ದರೆ ಅದನ್ನು ಗಡುವಿನೊಳಗೆ ಕಟ್ಟಬೇಕು. ವಂಚನೆ ಎಂದು ದೂರಿದ ಮೊತ್ತಕ್ಕೆ ವಿವಾದ ಬಗೆಹರಿಯುವವರೆಗೆ ಬ್ಯಾಂಕು ಶುಲ್ಕ ಹಾಕುವಂತಿಲ್ಲ. ಬಿಲ್ಲಿನಲ್ಲಿ ಬಡ್ಡಿ, ತಡ ಶುಲ್ಕ, ಅದರ ಮೇಲಿನ ಜಿಎಸ್‌ಟಿ ಎಂದು ಏನಾದರೂ ಸೇರಿಕೊಂಡಿದ್ದರೆ ದೂರಿನ ನಂಬರು ಹಾಕಿ ತೆಗೆಸಬೇಕು. ಬ್ಲಾಕ್‌ಗೆ ಮೊದಲು ಒಪ್ಪಿಗೆಯಾಗಿದ್ದ ವಹಿವಾಟು ಒಂದೆರಡು ದಿನ ತಡವಾಗಿ ಬಿಲ್ಲಿಗೆ ಬರುವುದೂ ಉಂಟು. ಬ್ಲಾಕ್ ಆಗಿದ್ದರೂ ಹೊಸದೊಂದು ಹೇಗೆ ಬಂತು ಎಂದು ಗಾಬರಿಯಾಗುವ ಮೊದಲು ತಾರೀಕು, ಸಮಯ ನೋಡಿ. ನಿಮ್ಮದಲ್ಲದಿದ್ದರೆ ಅದನ್ನೂ ದೂರಿಗೆ ಸೇರಿಸಿ.

ಬ್ಯಾಂಕು ಮೂವತ್ತು ದಿನದಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. cms.rbi.org.in ನಲ್ಲಿ ದೂರು ದಾಖಲಿಸಬಹುದು, ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. ಅಲ್ಲಿ ಮೊದಲು ಕೇಳುವುದೇ ಬ್ಯಾಂಕಿಗೆ ಯಾವಾಗ, ಹೇಗೆ ತಿಳಿಸಿದಿರಿ ಎಂದು. 7.48ರ ಬ್ಲಾಕ್ ಸಂದೇಶ, ದೂರಿನ ನಂಬರು, ರಾತ್ರಿ ಬರೆದ ಇಮೇಲ್, ಇವಿಷ್ಟೇ ಕಾಗದ ಸಾಕು.

ಹೊಸ ಕಾರ್ಡು ಬೇರೆ ನಂಬರಿನೊಂದಿಗೆ ಬರುತ್ತದೆ. ಹಳೆಯ ನಂಬರಿಗೆ ಕಟ್ಟಿದ್ದ ಕರೆಂಟ್ ಬಿಲ್ಲು, ವಿಮೆಯ ಕಂತು, ಒಟಿಟಿ ಚಂದಾ ತಾನಾಗಿ ಹೋಗುವುದು ನಿಂತಿರಬಹುದು. ವಿಮೆಯನ್ನಂತೂ ಮೊದಲು ಸರಿಮಾಡಿ. ಹಳೆಯ ಕಾರ್ಡು ಆಮೇಲೆ ಕೋಟಿನ ಜೇಬಿನಲ್ಲೇ ಸಿಕ್ಕರೂ ಚಿಪ್ ಸೇರಿಸಿ ಕತ್ತರಿಸಿ ಬಿಸಾಡುವುದೇ ಸರಿ. 2020ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ನಿಯಮದಂತೆ ಹೊಸದಾಗಿ ಕೊಡುವ ಕಾರ್ಡು ದೇಶದೊಳಗಿನ ಎಟಿಎಂ ಮತ್ತು ಅಂಗಡಿ ಯಂತ್ರದಲ್ಲಿ ತೂರಿಸಿ ಬಳಸಲು ಮಾತ್ರ ತೆರೆದಿರುತ್ತದೆ. ಟ್ಯಾಪ್, ಆನ್‌ಲೈನ್, ವಿದೇಶಿ ಬಳಕೆಗಳನ್ನು ಬೇಕೆಂದು ನೀವೇ ಆ್ಯಪ್‌ನಲ್ಲಿ ತೆರೆಯಬೇಕು, ಮಿತಿಯನ್ನೂ ನೀವೇ ಇಡಬಹುದು. ವಿದೇಶಿ ಬಳಕೆಯನ್ನು ಮುಚ್ಚಿಯೇ ಇಟ್ಟು, ಪ್ರವಾಸ ಹೋಗುವಾಗ ಮಾತ್ರ ತೆರೆದರೆ ಒಟಿಪಿ ಇಲ್ಲದ ದಾರಿ ಮುಚ್ಚುತ್ತದೆ. ಟ್ಯಾಪ್ ಬೇಕೇ ಬೇಕೆನ್ನುವವರು ಅದರ ಮಿತಿಯನ್ನು ಸಾವಿರಕ್ಕೋ ಎರಡು ಸಾವಿರಕ್ಕೋ ಇಳಿಸಿ ಬಳಸಬಹುದು. ಮೆಟ್ರೋ ನಿಲ್ದಾಣದ ಕಾಫಿಗೆ, ತರಕಾರಿ ಅಂಗಡಿಯ ಬಿಲ್ಲಿಗೆ ಅಷ್ಟು ಸಾಕು.